ಖಾಲಿ ಕೋಶದಲ್ಲಿ ಅಡಗುವ ದಂಡ

ಶಾಲೆಯ ಗ್ರಂಥಾಲಯವೊಂದರ ವಿತರಣಾ ವಹಿ ಎಕ್ಸೆಲ್‌ನಲ್ಲಿದೆ ಎಂದುಕೊಳ್ಳಿ. ಎ ಕಾಲಂನಲ್ಲಿ ಸದಸ್ಯರ ಸಂಖ್ಯೆ, ಬಿಯಲ್ಲಿ ಪುಸ್ತಕ, ಸಿಯಲ್ಲಿ ಕೊಟ್ಟ ದಿನ, ಡಿಯಲ್ಲಿ ಗಡುವು, ಇಯಲ್ಲಿ ಮರಳಿದ ದಿನ.

112ನೇ ಸದಸ್ಯೆ ‘ಮಲೆಗಳಲ್ಲಿ ಮದುಮಗಳು’ ಒಯ್ದದ್ದು 20-02-2024ರಂದು. ಅವಧಿ 15 ದಿನ. ಬೆರಳೆಣಿಸಿದವರು ಮಾರ್ಚ್ 7 ಎಂದಾರು. ಅದು ಅಧಿಕ ವರ್ಷ, ಫೆಬ್ರವರಿಗೆ 29 ದಿನ. ಹಾಗಾಗಿ `=C2+15` ಎಂದು ಬರೆದರೆ ಮಾರ್ಚ್ 6 ಎಂಬ ಸರಿಯಾದ ಗಡುವೇ ಬರುತ್ತದೆ. ಪುಸ್ತಕ ಮರಳಿದ್ದು ಮಾರ್ಚ್ 14ಕ್ಕೆ. ದಿನಕ್ಕೆ 1 ರೂಪಾಯಿಯಂತೆ ದಂಡ 8 ರೂಪಾಯಿ.

ಇದಕ್ಕೆ ಹಲವರು `=MAX(0,E2-D2)*1` ಎಂದು ಬರೆಯುತ್ತಾರೆ. ಬೇಗ ತಂದವರಿಗೆ ದಂಡ ಸೊನ್ನೆ, ಅದು ಸರಿ. ತೊಂದರೆ ಇರುವುದು ಪುಸ್ತಕ ಮರಳಿಸದೇ ಇದ್ದವರದ್ದು. ಇ ಕೋಶ ಖಾಲಿಯಿದ್ದರೆ ಎಕ್ಸೆಲ್ ಅದನ್ನು ಸೊನ್ನೆಯೆಂದು ಎಣಿಸುತ್ತದೆ. ತಿಂಗಳುಗಟ್ಟಲೆ ಪುಸ್ತಕ ಇಟ್ಟುಕೊಂಡವರಿಗೂ ದಂಡವೇ ಕಾಣುವುದಿಲ್ಲ! ಖಾಲಿ ಇದ್ದಾಗ ಇಂದಿನ ದಿನಾಂಕ ಹಿಡಿಯುವಂತೆ ಹೀಗೆ ತಿದ್ದಬೇಕು:

```
=MAX(0,IF(E2="",TODAY(),E2)-D2)*1
```

ಇಷ್ಟಾದರೂ `#VALUE!` ಎಂದು ಬಂದರೆ ದಿನಾಂಕಗಳನ್ನು ನೋಡಿ. ಕೋಶದ ಎಡಕ್ಕೆ ಅಂಟಿಕೊಂಡಿದ್ದರೆ ಎಕ್ಸೆಲ್ ಅದನ್ನು ದಿನಾಂಕವೆಂದು ಗುರುತಿಸಿಲ್ಲ. ಚುಕ್ಕಿಯ ಬದಲು ಅಡ್ಡಗೆರೆ ಹಾಕಿ ಮತ್ತೆ ಬರೆಯಿರಿ.