ಹತ್ತನೇ ಸಾಲಿನ ಕುರ್ಚಿ

ನಮ್ಮೂರಿನ ಸಮುದಾಯ ಭವನದಲ್ಲಿ ಭರತನಾಟ್ಯ ನೋಡಲು ಹೋದಾಗ ನನಗೆ ಸಿಕ್ಕಿದ್ದು ಹತ್ತನೇ ಸಾಲು. ಹುಡುಗಿ ಅರಮಂಡಿಗೆ ಇಳಿದಾಗಲೆಲ್ಲ ಮುಂದಿನವರ ತಲೆಯ ಹಿಂದೆ ಪೂರ್ತಿ ಮರೆಯಾಗುತ್ತಿದ್ದಳು. ಗೆಜ್ಜೆ ಕೇಳುತ್ತಿತ್ತು, ಪಾದ ಕಾಣುತ್ತಿರಲಿಲ್ಲ.

ಲೆಕ್ಕ ಹಾಕಿದರೆ ಆಶ್ಚರ್ಯವೇನಿಲ್ಲ. ಕುಳಿತವರ ಕಣ್ಣು ನೆಲದಿಂದ ಸುಮಾರು 45 ಇಂಚು ಎತ್ತರದಲ್ಲಿರುತ್ತದೆ, ತಲೆಯ ತುದಿ ಅದಕ್ಕಿಂತ 5 ಇಂಚು ಮೇಲೆ. ಸಾಲುಗಳ ನಡುವೆ 3 ಅಡಿ, ಮೊದಲ ಸಾಲಿಗೂ ವೇದಿಕೆಗೂ 10 ಅಡಿ, ವೇದಿಕೆಯ ಎತ್ತರ 3 ಅಡಿ ಎಂದುಕೊಳ್ಳಿ. ಸಮತಟ್ಟು ನೆಲದಲ್ಲಿ ಹತ್ತನೇ ಸಾಲಿನವರ ನೋಟ ಮುಂದಿನ ತಲೆಯನ್ನು ದಾಟಿ ವೇದಿಕೆಯ ಅಂಚು ತಲುಪುವಾಗ, ಹಲಗೆಯಿಂದ ಹತ್ತಿರ ಹತ್ತಿರ 6 ಅಡಿ ಮೇಲಿರುತ್ತದೆ. ಅಲ್ಲಿ ನಿಂತ ಆಳೂ ಮುಚ್ಚಿಹೋಗುತ್ತಾನೆ.

ವೇದಿಕೆಯನ್ನೇ 5 ಅಡಿಗೆ ಏರಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಹಿಂದಿನವರಿಗೆ ಆಗಲೂ ಸೊಂಟದವರೆಗೆ ಮರೆ, ಮುಂದಿನವರ ಕಣ್ಣು ಹಲಗೆಗಿಂತ ಕೆಳಗಾಗಿ ಅವರಿಗೂ ಪಾದ ಕಾಣದು. ಏರಬೇಕಾದ್ದು ಪ್ರೇಕ್ಷಕರ ನೆಲ. ಕುರ್ಚಿಗಳನ್ನು ಅರ್ಧರ್ಧ ಸರಿಸಿ, ಎರಡು ತಲೆಗಳ ನಡುವಿನಿಂದ ನೋಡುವಂತೆ ಹಾಕಿದರೆ ಎರಡನೇ ಸಾಲಿಗೆ 6 ಇಂಚಿನ ಮೆಟ್ಟಿಲು ಸಾಕು. ಆದರೆ ಹಿಂದೆ ಹೋದಂತೆ ಮೆಟ್ಟಿಲು ಬೆಳೆಯಬೇಕು; ಹತ್ತನೇ ಸಾಲಿನದು ಸುಮಾರು 9 ಇಂಚು. ಎಲ್ಲವನ್ನೂ ಒಂದೇ ಅಳತೆಗೆ 6 ಇಂಚು ಕಟ್ಟಿದರೆ ಹಿಂದಿನ ಸಾಲುಗಳು ಮತ್ತೆ ಮೋಸಹೋಗುತ್ತವೆ.

ಈ ಏರು ಕಿವಿಗೂ ಬೇಕು. ತಲೆಗಳನ್ನು ಸವರಿಕೊಂಡು ಹೋಗುವ ದನಿಯನ್ನು ಜನರ ಮೈ, ಬಟ್ಟೆ ಹೀರಿಬಿಡುತ್ತವೆ.

ಉಳಿದದ್ದು ಅನುರಣನ, ಅಂದರೆ ದನಿ ನಿಂತ ಮೇಲೂ ಕೋಣೆಯಲ್ಲಿ ಸುತ್ತುವ ಗುಂಯ್. ಹಾರ್ವರ್ಡ್‌ನ ವಾಲೇಸ್ ಸಬೈನ್ 1895ರಿಂದ ಇದನ್ನು ಅಳೆಯತೊಡಗಿ, ದನಿ ಹೀರುವುದನ್ನು ತೆರೆದ ಕಿಟಕಿಗೆ ಹೋಲಿಸಿದರು. ಕಿಟಕಿಯಿಂದ ಹೊರಬಿದ್ದ ದನಿ ಮರಳುವುದಿಲ್ಲ. 60 ಅಡಿ ಉದ್ದ, 40 ಅಡಿ ಅಗಲ, 20 ಅಡಿ ಎತ್ತರದ, ಗಾರೆ ಗೋಡೆ, ಗ್ರಾನೈಟ್ ನೆಲದ ಸಭಾಂಗಣ ಖಾಲಿಯಿದ್ದಾಗ ಹೀರುವುದು ಸುಮಾರು 350 ಚದರಡಿ ಕಿಟಕಿಯಷ್ಟು. ದನಿ 6 ಸೆಕೆಂಡಿಗೂ ಹೆಚ್ಚು ಉಳಿಯುತ್ತದೆ. 200 ಜನ ಕೂತರೆ 2 ಸೆಕೆಂಡಿಗೆ ಇಳಿಯುತ್ತದೆ. ಮಾತು ಸ್ಪಷ್ಟವಾಗಲು 1 ಸೆಕೆಂಡಿನ ಆಸುಪಾಸು ಬೇಕು. ಧ್ವನಿವರ್ಧಕ ಏರಿಸಿದರೆ ಗುಂಯ್ ಕೂಡ ಜೊತೆಗೇ ಏರುತ್ತದೆ.

ಮೊದಲು ಮುಚ್ಚಬೇಕಾದ್ದು ಹಿಂಗೋಡೆ. ಅಲ್ಲಿಗೆ ಬಡಿದ ಮಾತು ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ತಡವಾಗಿ ಭಾಷಣಕಾರರ ಕಿವಿಗೇ ಮರಳಿ ಅವರನ್ನು ತಡವರಿಸುತ್ತದೆ. 2 ಇಂಚಿನ ಗಾಜುನಾರಿನ ಹಾಸಿಗೆಗೆ ಬಟ್ಟೆ ಹೊದಿಸಿ, ಗೋಡೆಯಿಂದ ತುಸು ದೂರ ನಿಲ್ಲಿಸಬೇಕು. ಆಮೇಲೆ ಪಕ್ಕದ ಗೋಡೆಗಳ ಮೇಲ್ಭಾಗ. ತೆಳು ಪರದೆ ಅಂಟಿಸಿದರೆ ತಾಳದ ಚೂಪು ಮಾತ್ರ ಸಾಯುತ್ತದೆ, ಮೃದಂಗದ ಎಡಮುಖದ ಗುಮ್ಮು ಹಾಗೇ ಉಳಿಯುತ್ತದೆ. ವೇದಿಕೆಯ ಮುಂಭಾಗದ ಚಾವಣಿಯನ್ನು ಮಾತ್ರ ಗಟ್ಟಿಯಾಗಿಯೇ ಬಿಡಿ. ಹತ್ತನೇ ಸಾಲಿಗೆ ಮಾತನ್ನು ತಳ್ಳಿಕೊಡುವುದು ಅದೇ.