ಕಾರ್ಕಿನ ತಪ್ಪಲ್ಲದ ವಾಸನೆಗಳು

ವೈನ್ ಬಾಟಲಿ ತೆರೆದಾಗ ಕೆಟ್ಟ ವಾಸನೆ ಬಂದರೆ ಬಹುತೇಕರು ಮೊದಲು ದೂರುವುದು ಕಾರ್ಕನ್ನು. ಆದರೆ ಕಾರ್ಕ್ ತರುವ ವಾಸನೆ ಒಂದೇ ಬಗೆಯದು, ಮಳೆಯಲ್ಲಿ ನೆಂದು ಮುಗ್ಗಿದ ರಟ್ಟಿನ ಪೆಟ್ಟಿಗೆಯದು. ಕೊಳೆತ ಮೊಟ್ಟೆ, ನೇಲ್ ಪಾಲಿಶ್ ಅಳಿಸುವ ದ್ರವ, ಕುದುರೆ ಲಾಯ ಇವುಗಳ ವಾಸನೆ ಬಂದರೆ ಕಾರ್ಕಿಗೂ ಅದಕ್ಕೂ ಸಂಬಂಧವಿಲ್ಲ. ತಪ್ಪು ನಡೆದಿರುವುದು ವೈನರಿಯ ತೊಟ್ಟಿಯಲ್ಲೋ ಪೀಪಾಯಿಯಲ್ಲೋ. ಮೂರಕ್ಕೂ ಕಾರಣ ಬೇರೆ ಬೇರೆ, ಲೋಟದಲ್ಲಿ ಅವು ನಡೆದುಕೊಳ್ಳುವ ರೀತಿಯೂ ಬೇರೆ. ಗುರುತು ಹಿಡಿಯಲು ಗಾಳಿಯೊಂದನ್ನು ಗಮನಿಸುತ್ತಾ ಹೋದರೆ ಸಾಕು.

ಗಾಳಿ ಸಾಲದೆ ಹುಟ್ಟುವ ದೋಷಕ್ಕೆ ವೈನ್ ತಯಾರಕರು ರಿಡಕ್ಷನ್ ಎನ್ನುತ್ತಾರೆ. ದ್ರಾಕ್ಷಿರಸದ ಸಕ್ಕರೆಯನ್ನು ಮದ್ಯವಾಗಿಸುವ ಯೀಸ್ಟಿಗೆ ಸಾರಜನಕವೂ ಬೇಕು. ರಸದಲ್ಲಿ ಅದು ಕಡಿಮೆಯಿದ್ದರೆ ಯೀಸ್ಟಿನ ಒಳಗಿನ ಗಂಧಕದ ಲೆಕ್ಕಾಚಾರ ತಪ್ಪಿ, ಹೈಡ್ರೋಜನ್ ಸಲ್ಫೈಡ್ ಹೊರಗೆ ಬೀಳುತ್ತದೆ. ಅದೇ ಕೊಳೆತ ಮೊಟ್ಟೆಯ ವಾಸನೆ. ಬೂದಿ ರೋಗಕ್ಕೆಂದು ಬಳ್ಳಿಗೆ ಹೊಡೆದ ಗಂಧಕದ ಪುಡಿ ಕೊಯ್ಲಿನ ಹೊತ್ತಿಗೂ ಹಣ್ಣಿನ ಮೇಲೆ ಉಳಿದಿದ್ದರೆ ಇದು ಇನ್ನಷ್ಟು ಹೆಚ್ಚುತ್ತದೆ. ಯೀಸ್ಟ್ ಹಸಿಯದಿರಲೆಂದು ವೈನರಿಗಳು ರಸಕ್ಕೆ ಬೆರೆಸುವುದು ನಮ್ಮ ರೈತರಿಗೆಲ್ಲ ಗೊತ್ತಿರುವ ಡಿಎಪಿಯನ್ನೇ. ಹೊಲಕ್ಕೆ ಚೆಲ್ಲುವುದು ಗೊಬ್ಬರದ ದರ್ಜೆಯದು, ಇದು ಆಹಾರಕ್ಕೆಂದು ಶುದ್ಧಗೊಳಿಸಿದ್ದು, ವ್ಯತ್ಯಾಸ ಅಷ್ಟೇ.

ಆ ಹಂತದಲ್ಲಿ ಎಚ್ಚೆತ್ತು ವೈನಿಗೆ ಗಾಳಿ ಆಡಿಸಿದರೆ ವಾಸನೆ ಹಾರಿಹೋಗುತ್ತದೆ. ಬಿಟ್ಟರೆ ಮುಂದೆ ಮರ್ಕ್ಯಾಪ್ಟಾನುಗಳು ರೂಪುಗೊಳ್ಳುತ್ತವೆ. ಮೀಥೈಲ್ ಮರ್ಕ್ಯಾಪ್ಟಾನಿನದು ಅತಿಯಾಗಿ ಬೆಂದ ಎಲೆಕೋಸಿನ ವಾಸನೆ. ಈಥೈಲ್ ಮರ್ಕ್ಯಾಪ್ಟಾನಿನ ವಾಸನೆ ಈರುಳ್ಳಿಯದು ಎಂದು ಪುಸ್ತಕಗಳು ಹೇಳುತ್ತವೆ. ನಮ್ಮ ಓದುಗರಿಗೆ ಅದನ್ನು ಇನ್ನೂ ಸುಲಭವಾಗಿ ಹೇಳಬಹುದು, ಏಕೆಂದರೆ ಸೋರಿಕೆ ತಿಳಿಯಲೆಂದು ಅಡುಗೆ ಅನಿಲದ ಸಿಲಿಂಡರಿಗೆ ಸೇರಿಸುವುದು ಇದೇ ರಾಸಾಯನಿಕವನ್ನು. ಒಂದು ಲೀಟರ್ ವೈನಿನಲ್ಲಿ ಒಂದು ಗ್ರಾಮಿನ ಹತ್ತು ಲಕ್ಷದ ಒಂದೆರಡು ಪಾಲು ಇದ್ದರೂ ಮೂಗು ಹಿಡಿದುಬಿಡುತ್ತದೆ.

ಈ ದೋಷವನ್ನು ಮೇಜಿನ ಮೇಲೆಯೇ ಪರೀಕ್ಷಿಸಬಹುದು. ಅನುಮಾನ ಬಂದ ವೈನನ್ನು ಎರಡು ಲೋಟಕ್ಕೆ ಸುರಿಯಿರಿ. ಹೊದಿಕೆ ಸುಲಿದು ಉಜ್ಜಿ ಹೊಳೆಯುವಂತೆ ಮಾಡಿದ ತಾಮ್ರದ ತಂತಿಯನ್ನು ಒಂದರಲ್ಲಿ ಕೆಲವು ನಿಮಿಷ ಆಡಿಸಿ, ಎರಡನ್ನೂ ಒಂದಾದ ಮೇಲೊಂದು ಮೂಸಿ ನೋಡಿ. ಗಂಧಕದ ಸಂಯುಕ್ತಗಳು ತಾಮ್ರಕ್ಕೆ ಅಂಟಿಕೊಳ್ಳುವುದರಿಂದ ತಂತಿಯಿದ್ದ ಲೋಟದಲ್ಲಿ ಮೊಟ್ಟೆಯ ವಾಸನೆ ಇಳಿದು ಹಣ್ಣಿನ ಪರಿಮಳ ಮೇಲೆದ್ದರೆ ಅದು ರಿಡಕ್ಷನ್. ಪರೀಕ್ಷೆಯ ಲೋಟದ್ದನ್ನು ಕುಡಿಯದೆ ಚೆಲ್ಲಿಬಿಡಿ. ವೈನರಿಯಲ್ಲೂ ಇದೇ ತತ್ವದಿಂದ ತಾಮ್ರದ ಸಲ್ಫೇಟನ್ನು ಅಳೆದು ಬಳಸುತ್ತಾರೆ. ಆದರೆ ಮರ್ಕ್ಯಾಪ್ಟಾನುಗಳು ಗಾಳಿ ತಾಗಿ ಒಂದಕ್ಕೊಂದು ಜೋಡಿಯಾಗಿ ಡೈಸಲ್ಫೈಡುಗಳಾಗಿದ್ದರೆ ತಾಮ್ರಕ್ಕೆ ಸಿಕ್ಕುವುದಿಲ್ಲ. ತಡವಾಗಿ ಗಾಳಿ ಆಡಿಸಿದ ವೈನ್ ಸರಿಹೋದಂತೆ ಕಂಡು, ಬಾಟಲಿಯಲ್ಲಿ ಕೆಲವು ತಿಂಗಳ ಬಳಿಕ ಮತ್ತೆ ನಾರುವುದು ಹೀಗೆ.

ವಾಸನೆಯಲ್ಲಿ ಗಂಧಕದ ಛಾಯೆ ಕಂಡ ಮಾತ್ರಕ್ಕೆ ವೈನನ್ನು ತಿರಸ್ಕರಿಸುವುದೂ ಸರಿಯಲ್ಲ. ಬರ್ಗಂಡಿಯ ಕೆಲವು ಬಿಳಿ ವೈನುಗಳಲ್ಲಿ ಆಗತಾನೆ ಗೀರಿದ ಬೆಂಕಿಕಡ್ಡಿಯ ವಾಸನೆ ಇರುತ್ತದೆ, ಅದನ್ನು ಬಯಸಿ ಕೊಳ್ಳುವವರಿದ್ದಾರೆ. ಹಣ್ಣಿನ ಪರಿಮಳವನ್ನು ಅದು ಮುಚ್ಚದಿದ್ದರೆ ನನಗೂ ಇಷ್ಟ.

ಗಾಳಿ ಹೆಚ್ಚಾದರೆ ಬರುವುದು ವೊಲಟೈಲ್ ಆಸಿಡಿಟಿ, ಅಂದರೆ ವಿನೆಗರ್ ದೋಷ. ಬೋರ್ಡೊದ ಸಾಮಾನ್ಯ ಪೀಪಾಯಿ ಹಿಡಿಸುವುದು 225 ಲೀಟರ್. ಮರದ ಮೂಲಕ ವೈನ್ ಸ್ವಲ್ಪ ಸ್ವಲ್ಪವೇ ಆವಿಯಾಗುತ್ತದೆ, ಆಗಾಗ ಮೇಲಿಂದ ತುಂಬದಿದ್ದರೆ ಖಾಲಿ ಜಾಗದಲ್ಲಿ ಗಾಳಿ ನಿಲ್ಲುತ್ತದೆ. ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಆ ಗಾಳಿಯಿಂದ ಮದ್ಯವನ್ನು ಅಸಿಟಿಕ್ ಆಮ್ಲವಾಗಿಸುತ್ತದೆ. ಆಮ್ಲಕ್ಕಿಂತ ಮೊದಲು ಮೂಗಿಗೆ ಸಿಗುವುದು ಅದರ ಜೊತೆಗಾರ ಈಥೈಲ್ ಅಸಿಟೇಟ್, ಅಂದರೆ ನೇಲ್ ಪಾಲಿಶ್ ಅಳಿಸುವ ದ್ರವದ ಚುರುಕು ವಾಸನೆ. ಆಮ್ಲ ತಿಳಿಯುವುದು ನುಂಗಿದ ಮೇಲೆ, ಗಂಟಲಿನ ಉರಿಯಾಗಿ. ಯಾವ ವೈನಿನಲ್ಲೂ ಇದು ಸ್ವಲ್ಪ ಇದ್ದೇ ಇರುತ್ತದೆ. ಯುರೋಪಿಯನ್ ಒಕ್ಕೂಟದ ನಿಯಮದಂತೆ ಸಾಮಾನ್ಯ ಕೆಂಪು ವೈನಿನಲ್ಲಿ ಲೀಟರಿಗೆ 1.2 ಗ್ರಾಂವರೆಗೆ ಇರಬಹುದು. ಸೋಟರ್ನ್‌ನಂಥ ಸಿಹಿ ವೈನುಗಳಿಗೆ ಇನ್ನೂ ಸಡಿಲಿಕೆಯಿದೆ, ಏಕೆಂದರೆ ಬೂಷ್ಟು ಹಿಡಿದ ಹಣ್ಣಿನಿಂದ ಆಗುವ ಅವುಗಳಲ್ಲಿ ಈ ಆಮ್ಲ ಸಹಜವಾಗಿಯೇ ಹೆಚ್ಚು. ಲೋಟ ಎಷ್ಟು ಆಡಿಸಿದರೂ ಆಮ್ಲ ಹೋಗುವುದಿಲ್ಲ. ಮನೆಯಲ್ಲಿ ಇದಕ್ಕೆ ಮದ್ದಿಲ್ಲ.

ಮೂರನೆಯದು ಬ್ರೆಟನೊಮೈಸಿಸ್, ವೈನರಿಗಳ ಬಾಯಲ್ಲಿ ಬ್ರೆಟ್. 1904ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ನೀಲ್ಸ್ ಕ್ಲಾಸೆನ್ ಇಂಗ್ಲಿಷ್ ಬಿಯರಿನ ವಿಶಿಷ್ಟ ರುಚಿಗೆ ಕಾರಣವಾದ ಯೀಸ್ಟ್ ಎಂದು ಇದನ್ನು ವಿವರಿಸಿದ. ಕೆಂಪು ವೈನಿನಲ್ಲಿ ಅದು ದ್ರಾಕ್ಷಿಯ ಸಹಜ ಆಮ್ಲಗಳನ್ನು 4-ಈಥೈಲ್‌ಫೀನಾಲ್ ಮತ್ತು 4-ಈಥೈಲ್‌ಗ್ವಾಯಕಾಲ್ ಆಗಿ ಬದಲಿಸುತ್ತದೆ. ಮೊದಲನೆಯದು ಕುದುರೆ ಲಾಯ, ಬೆವರು ಹೀರಿದ ಜೀನು, ಗಾಯಕ್ಕೆ ಹಚ್ಚುವ ಪ್ಲಾಸ್ಟರ್. ಎರಡನೆಯದು ಲವಂಗ ಮತ್ತು ಹೊಗೆ. ಬೋರ್ಡೊದ ಪಾಸ್ಕಲ್ ಶಾಟೊನೆ ಮತ್ತು ಸಂಗಡಿಗರು 1990ರ ದಶಕದಲ್ಲಿ ಈ ವಾಸನೆಯ ಮೂಲ ಬ್ರೆಟ್ ಎಂದು ಸ್ಪಷ್ಟಪಡಿಸುವವರೆಗೆ ಅನೇಕರು ಇದನ್ನು ಆ ಮಣ್ಣಿನ ಗುಣವೆಂದೇ ನಂಬಿದ್ದರು.

ಬ್ರೆಟ್ ಇಷ್ಟು ಹಟಮಾರಿಯಾಗಲು ಎರಡು ಕಾರಣ. ಪೀಪಾಯಿಯ ಮರದೊಳಗೆ ಕೆಲವು ಮಿಲಿಮೀಟರ್ ಆಳದವರೆಗೂ ಸೇರಿಕೊಳ್ಳುವುದರಿಂದ ಮೇಲ್ಮೈ ತೊಳೆದರೆ ಅದು ಸಾಯುವುದಿಲ್ಲ. ಇನ್ನೊಂದು ಪಿಎಚ್. ವೈನನ್ನು ಕಾಯುವ ಸಲ್ಫರ್ ಡೈಆಕ್ಸೈಡಿನಲ್ಲಿ ನಿಜವಾಗಿ ಕೆಲಸ ಮಾಡುವುದು ಒಂದು ಚಿಕ್ಕ ಪಾಲು ಮಾತ್ರ, ಆಮ್ಲ ಇಳಿದಷ್ಟೂ ಆ ಪಾಲು ಕುಗ್ಗುತ್ತದೆ. ಲೀಟರಿಗೆ 30 ಮಿಲಿಗ್ರಾಂ ಮುಕ್ತ ಸಲ್ಫರ್ ಡೈಆಕ್ಸೈಡ್ ಇದೆ ಎಂದುಕೊಳ್ಳೋಣ. ವೈನಿನ ಪಿಎಚ್ 3.4 ಇದ್ದರೆ ಅದರಲ್ಲಿ ಸುಮಾರು 0.75 ಮಿಲಿಗ್ರಾಂ ಕೆಲಸಕ್ಕೆ ಬರುತ್ತದೆ, ಬ್ರೆಟ್ಟಿನ ಬಾಯಿ ಕಟ್ಟಲು ಅದು ಹೆಚ್ಚುಕಡಿಮೆ ಸಾಕು. ಪಿಎಚ್ 3.8 ಆದರೆ ಸಿಗುವುದು 0.3 ಮಾತ್ರ. ತಯಾರಕ ತನ್ನ ಪುಸ್ತಕದಲ್ಲಿ ಅದೇ 30 ಬರೆದುಕೊಂಡಿರುತ್ತಾನೆ, ಪೀಪಾಯಿಯಲ್ಲಿ ಬ್ರೆಟ್ ಬೆಳೆಯುತ್ತಿರುತ್ತದೆ. ಬಿಸಿಲ ನಾಡಿನ ದ್ರಾಕ್ಷಿಯಲ್ಲಿ ಆಮ್ಲ ಬೇಗ ಇಳಿಯುವುದರಿಂದ ನಂದಿ ಬೆಟ್ಟದ ಆಸುಪಾಸಿನ ವೈನರಿಗಳಿಗೂ ವಿಜಯಪುರದ ತೋಟಗಳಿಗೂ ಇದು ದೂರದ ಮಾತಲ್ಲ.

ಫ್ರಾನ್ಸಿನ ರೋನ್ ಕಣಿವೆಯ ಹಳೆಯ ವೈನುಗಳನ್ನು ಮೆಚ್ಚುವ ಅನೇಕರು ತುಸು ಬ್ರೆಟ್ ಇದ್ದರೆ ಸೊಗಸು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬ್ರೆಟ್ ಬಲಿತಾಗ ಸಿರಾ ದ್ರಾಕ್ಷಿಯದೂ ಕಾಬರ್ನೆಯದೂ ಒಂದೇ ವಾಸನೆ. ಆ ತೋಟ, ಆ ವರ್ಷ ಯಾವುದೂ ಲೋಟದಲ್ಲಿ ಉಳಿಯುವುದಿಲ್ಲ.

ಹಾಗಾಗಿ ಹೋಟೆಲಿನಲ್ಲಿ ಬಾಟಲಿ ಬಂದಾಗ ಕಾಲು ಗಂಟೆ ಕಾಯಿರಿ. ಆಡಿಸುತ್ತಾ ಹೋದಂತೆ ವಾಸನೆ ಇಳಿದರೆ ಅದು ಸೌಮ್ಯ ರಿಡಕ್ಷನ್, ಕುಡಿಯಬಹುದು. ನೇಲ್ ಪಾಲಿಶ್ ವಾಸನೆ ಹಾಗೇ ನಿಂತು ಗಂಟಲು ಉರಿದರೆ ವಾಪಸು ಕೊಡಿ. ಹಣ್ಣಿನ ಪರಿಮಳ ಸವೆದು ಲಾಯದ ವಾಸನೆ ಮೇಲೇರುತ್ತಿದ್ದರೆ ಅದು ಬ್ರೆಟ್. ಶೋಧಿಸದೆ ತುಂಬಿದ ಬಾಟಲಿಯೊಳಗೂ ಬ್ರೆಟ್ ಬದುಕಿರಬಲ್ಲದು, ಬೆಚ್ಚಗಿನ ಜಾಗ ಸಿಕ್ಕರೆ ಅಲ್ಲಿಯೂ ಬೆಳೆಯುತ್ತದೆ. ಒಂದೇ ಪೆಟ್ಟಿಗೆಯ ಎರಡು ಬಾಟಲಿಗಳಲ್ಲಿ ತಂಪಿನಲ್ಲಿಟ್ಟದ್ದು ಸ್ವಚ್ಛವಾಗಿದ್ದು, ಅಂಗಡಿಯ ಬಿಸಿಲು ಬೀಳುವ ಕಪಾಟಿನಲ್ಲಿದ್ದದ್ದು ನಾರಲು ಇದೂ ಒಂದು ಕಾರಣ.