ನಾಲ್ಕು ಮಕ್ಕಳು, ನಾಲ್ಕು ನೋಟ್‌ಬುಕ್: ಆನ್‌ಲೈನ್ ಟ್ಯೂಷನ್ನಿನ ಲೆಕ್ಕ

ಮನೆಯಿಂದಲೇ ಆನ್‌ಲೈನ್ ಟ್ಯೂಷನ್ ಹೇಳಲು ಹೊರಟವರು ಮೊದಲು ಮೈಕು, ದೀಪ, ಬರೆಯುವ ಪ್ಯಾಡುಗಳ ಬೆಲೆ ವಿಚಾರಿಸುತ್ತಾರೆ. ಪಾಠದ ವಿಡಿಯೊಗಳಾದರೋ ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ, ಅದೂ ಬಿಟ್ಟಿಯಾಗಿ. ತಂದೆತಾಯಿ ತಿಂಗಳು ತಿಂಗಳು ದುಡ್ಡು ಕೊಡುವುದು ಇನ್ನೊಂದು ಪಾಠ ಕೇಳಿಸುವುದಕ್ಕಲ್ಲ. ಮಗು ಎಲ್ಲಿ ಎಡವುತ್ತಿದೆ ಎಂಬುದನ್ನು ಯಾರಾದರೂ ನೋಟ್‌ಬುಕ್ ತೆರೆದು ಸಾಲುಸಾಲಾಗಿ ನೋಡಲಿ ಎಂಬುದಕ್ಕೆ. ಟ್ಯೂಷನ್ ಹೇಳುವವರು ಮಾರುತ್ತಿರುವುದು ಈ ನೋಟವನ್ನು. ಬ್ಯಾಚಿನಲ್ಲಿ ಎಷ್ಟು ಮಕ್ಕಳಿರಬೇಕು, ಒಂದು ಗಂಟೆಯನ್ನು ಹೇಗೆ ಹಂಚಬೇಕು, ಎಷ್ಟು ಫೀಸು ಕೇಳಬೇಕು ಎಂಬುದೆಲ್ಲ ಇದರಿಂದಲೇ ತೀರ್ಮಾನವಾಗುತ್ತದೆ. ಎಸ್ಸೆಸ್ಸೆಲ್ಸಿ ಗಣಿತವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ಬಿಡಿಸಿ ನೋಡೋಣ.

ಒಂದು ಮಾತು ಮೊದಲೇ ಹೇಳಬೇಕು. ಶಾಲೆಯಲ್ಲಿ ಕೆಲಸದಲ್ಲಿರುವ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ನಿಷೇಧಿಸುತ್ತದೆ. ಇಲ್ಲಿರುವ ಮಾತು ಬಿಎಸ್ಸಿ, ಬಿಎಡ್ ಮುಗಿಸಿ ಮನೆಯಲ್ಲಿರುವವರಿಗೆ, ನಿವೃತ್ತ ಶಿಕ್ಷಕರಿಗೆ, ಸಂಜೆ ಬಿಡುವಿರುವ ಪದವೀಧರರಿಗೆ.

ಮಕ್ಕಳು ಎಲ್ಲಿ ಸಿಗುತ್ತಾರೆ

ಆನ್‌ಲೈನ್ ಎಂದ ಕೂಡಲೇ ರಾಜ್ಯದ ಮಕ್ಕಳೆಲ್ಲ ನಮಗೇ ಸಿಗಬಹುದು ಅನಿಸುತ್ತದೆ. ಆದರೆ ಮೊದಲ ಬ್ಯಾಚು ಸಾಮಾನ್ಯವಾಗಿ ಗುರುತಿರುವವರ ಮನೆಗಳಿಂದಲೇ ಬರುತ್ತದೆ: ಅಕ್ಕಪಕ್ಕದವರು, ನೆಂಟರು, ಒಂದೇ ಶಾಲೆಯ ಪೋಷಕರ ವಾಟ್ಸ್‌ಆ್ಯಪ್ ಗುಂಪು, ಶಾಲೆಯ ಎದುರಿನ ಝೆರಾಕ್ಸ್ ಅಂಗಡಿಯವರು. ಟ್ಯೂಟರುಗಳ ಪಟ್ಟಿ ಇಡುವ ಜಾಲತಾಣಗಳೂ ಇವೆ. ಆದರೆ ಅಲ್ಲಿ ವಿಚಾರಣೆಯ ನಂಬರು ಪಡೆಯುವುದಕ್ಕೇ ದುಡ್ಡು ಕೊಡಬೇಕಾಗುವುದುಂಟು, ಆ ಪೋಷಕರು ಅದೇ ಹೊತ್ತಿಗೆ ಇನ್ನೂ ನಾಲ್ಕು ಜನರೊಂದಿಗೆ ಮಾತಾಡುತ್ತಿರುತ್ತಾರೆ.

ಕಳಿಸುವ ಸಂದೇಶದಲ್ಲಿ ಕೆಲಸ ಸ್ಪಷ್ಟವಾಗಿರಬೇಕು. ‘ಎಲ್ಲ ತರಗತಿ, ಎಲ್ಲ ವಿಷಯ’ ಎಂದು ಬರೆದರೆ ಯಾರಿಗೂ ತಮಗಾಗಿ ಅನಿಸುವುದಿಲ್ಲ. ‘10ನೇ ತರಗತಿ ಗಣಿತ, ರಾಜ್ಯ ಪಠ್ಯಕ್ರಮ, ಕನ್ನಡ ಮಾಧ್ಯಮ. ನಾಲ್ಕೇ ಮಕ್ಕಳ ಬ್ಯಾಚು. ವಾರಕ್ಕೆ ಮೂರು ದಿನ, ಸಂಜೆ ಏಳೂವರೆಗೆ. ಪ್ರತಿ ವಾರ ಟೆಸ್ಟ್, ತಿದ್ದಿದ ಉತ್ತರ ಪತ್ರಿಕೆ ನಿಮ್ಮ ಫೋನಿಗೆ’ ಎಂದರೆ ಓದಿದವರು ತಮ್ಮ ಮಗುವಿಗೆ ಹೊಂದುತ್ತದೋ ಇಲ್ಲವೋ ಎಂದು ಅರ್ಧ ನಿಮಿಷದಲ್ಲಿ ನಿರ್ಧರಿಸಬಲ್ಲರು. ಏಳೂವರೆ ಎಂದಿರುವುದಕ್ಕೂ ಕಾರಣವಿದೆ. ಅನೇಕ ಮನೆಗಳಲ್ಲಿ ಒಳ್ಳೆಯ ಫೋನು ಇರುವುದು ಅಪ್ಪನ ಅಥವಾ ಅಮ್ಮನ ಕೈಯಲ್ಲಿ, ಅವರು ಕೆಲಸದಿಂದ ಮನೆಗೆ ಬಂದ ಮೇಲಷ್ಟೇ ಅದು ಮಗುವಿಗೆ ಸಿಗುತ್ತದೆ.

ಜೂನ್ ತಿಂಗಳು ಮೊದಲ ಸುಗ್ಗಿ. ಅರ್ಧವಾರ್ಷಿಕ ಪರೀಕ್ಷೆಯ ಅಂಕ ಬಂದಾಗ, ಅಂದರೆ ದಸರಾ ಆಸುಪಾಸಿನಲ್ಲಿ, ಎರಡನೆಯದು. ಪೂರ್ವಸಿದ್ಧತಾ ಪರೀಕ್ಷೆಯ ನಂತರ ಗಾಬರಿಯಿಂದ ಬರುವವರು ಮೂರನೆಯವರು. ಕೊನೆಗೆ ಬಂದ ಮಗುವನ್ನು ನಡೆಯುತ್ತಿರುವ ಬ್ಯಾಚಿಗೆ ಸೇರಿಸಬಾರದು. ಅದು ಅಲ್ಲಿನ ವೇಗಕ್ಕೆ ಸೇರಲಾರದು, ಉಳಿದ ಮೂವರೂ ಕಾಯಬೇಕಾಗುತ್ತದೆ. ಅಂಥವರಿಗೆ ಆಯ್ದ ಅಧ್ಯಾಯಗಳ ಬೇರೆಯೇ ಚಿಕ್ಕ ಪ್ಯಾಕೇಜು ಮಾಡುವುದು ಸರಿ.

ಫೀಸಿನ ಮಾತಿಗೆ ಮೊದಲು ಐದು ಲೆಕ್ಕ

‘ಮೇಡಂ, ಮಗಳು ಗಣಿತದಲ್ಲಿ ತುಂಬಾ ವೀಕು’ ಎಂದು ಒಬ್ಬ ತಾಯಿ ಫೋನ್ ಮಾಡುತ್ತಾರೆ ಅಂದುಕೊಳ್ಳಿ. ವರ್ಗ ಸಮೀಕರಣ ಬರುವುದಿಲ್ಲ ಎಂಬುದು ದೂರು. ಫೀಸು ಹೇಳುವ ಮೊದಲು ಒಂದು ಬಿಟ್ಟಿ ತರಗತಿ ಕೊಡಬೇಕು. ಅದರಲ್ಲಿ ಪಾಠ ಬೇಡ, ಐದು ಲೆಕ್ಕ ಸಾಕು: ಋಣಸಂಖ್ಯೆಗಳ ಕೂಡುವಿಕೆ, ಎರಡು ಭಿನ್ನರಾಶಿಗಳ ಮೊತ್ತ, 2x + 3 = 11 ಬಿಡಿಸುವುದು, (a + b)² ವಿಸ್ತರಿಸುವುದು, ಕೊನೆಗೆ ಒಂದು ವರ್ಗ ಸಮೀಕರಣ.

ಆ ಕೊನೆಯದು 2x² − 5x + 3 = 0 ಎಂದಿರಲಿ. ಹುಡುಗಿ −5x ಅನ್ನು −2x ಮತ್ತು −3x ಎಂದು ಸರಿಯಾಗಿಯೇ ಒಡೆಯುತ್ತಾಳೆ. 2x² − 2x ಇಂದ 2x(x − 1) ತೆಗೆಯುತ್ತಾಳೆ. −3x + 3 ಬಂದಾಗ −3(x + 1) ಎಂದು ಬರೆಯುತ್ತಾಳೆ. ಎರಡು ಆವರಣಗಳೂ ಒಂದೇ ಆಗಲಿಲ್ಲ, ಪೆನ್ನು ಅಲ್ಲಿಗೇ ನಿಂತಿತು. ಬರಬೇಕಾದದ್ದು −3(x − 1); ಆಗ (x − 1)(2x − 3) = 0, ಉತ್ತರ 1 ಮತ್ತು 3/2. ಈಗ ಅವಳ ಮೊದಲ ಲೆಕ್ಕಕ್ಕೆ ಹಿಂದಿರುಗಿ ನೋಡಿದರೆ −7 − 5 ಕ್ಕೆ −2 ಎಂದು ಬರೆದಿದ್ದಾಳೆ. ಅವಳಿಗೆ ವರ್ಗ ಸಮೀಕರಣ ಗೊತ್ತಿದೆ. ಕೈಕೊಟ್ಟಿರುವುದು 7ನೇ ತರಗತಿಯಲ್ಲಿ ಕಲಿಯಬೇಕಿದ್ದ ಚಿಹ್ನೆಗಳ ಲೆಕ್ಕ.

ತಾಯಿಗೆ ಈ ಹಾಳೆಯನ್ನು ತೋರಿಸಿ, ‘ಮೊದಲ ಎರಡು ವಾರ ಪ್ಲಸ್, ಮೈನಸ್ ಗಟ್ಟಿ ಮಾಡಿಸುತ್ತೇನೆ, ಆಮೇಲೆ ಬೀಜಗಣಿತದ ಲೆಕ್ಕಗಳಲ್ಲಿ ಇದೇ ತಪ್ಪು ಎಷ್ಟು ಕಡಿಮೆಯಾಯಿತು ಎಂದು ಪ್ರತಿ ವಾರ ಹೇಳುತ್ತೇನೆ’ ಎನ್ನಬೇಕು. ‘90 ಬರುತ್ತಾ ಮೇಡಂ?’ ಎಂದು ಕೇಳಿಯೇ ಕೇಳುತ್ತಾರೆ. ಅಂಕದ ಭರವಸೆ ಕೊಡಬಾರದು. ಭರವಸೆ ಕೊಡಬಹುದಾದದ್ದು ನಮ್ಮ ಕೈಯಲ್ಲಿರುವುದಕ್ಕೆ ಮಾತ್ರ: ಇಷ್ಟು ತರಗತಿ, ಇಷ್ಟು ಟೆಸ್ಟ್, ಇಷ್ಟು ತಿದ್ದುವಿಕೆ.

ಅರವತ್ತು ನಿಮಿಷ ಹೇಗೆ ಕಳೆಯಬೇಕು

ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಮೂವರಿಗಿಂತ ಕಡಿಮೆ ಇಲ್ಲದ ಗುಂಪಿಗೆ ಒಂದು ಗಂಟೆಯ ಮಿತಿಯಿದೆ, ಜೂಮ್‌ನ ಉಚಿತ ಖಾತೆಯಲ್ಲಿ 40 ನಿಮಿಷ. ನಾಲ್ಕು ಮಕ್ಕಳ ಬ್ಯಾಚಿಗೆ ಮೀಟ್ ಸಾಕು. ಆ ಗಂಟೆಯನ್ನು ಹೀಗೆ ಹಂಚಬಹುದು: ಹಿಂದಿನ ಮನೆಗೆಲಸದಲ್ಲಿ ಕಂಡ ಒಂದೇ ಒಂದು ತಪ್ಪಿಗೆ 10 ನಿಮಿಷ, ಹೊಸ ಲೆಕ್ಕದ ಒಂದು ಮಾದರಿಗೆ 15 ನಿಮಿಷ, ಮಕ್ಕಳು ತಾವೇ ಬರೆಯಲು 20 ನಿಮಿಷ, ಒಂದು ಮಗು ತನ್ನ ಲೆಕ್ಕವನ್ನು ಉಳಿದವರಿಗೆ ವಿವರಿಸಲು 10 ನಿಮಿಷ. ಉಳಿದ ಐದರಲ್ಲಿ ಮನೆಗೆಲಸ ಹೇಳಿ ಮುಗಿಸಬೇಕು.

ಇದರಲ್ಲಿ ಬೆಲೆಯುಳ್ಳದ್ದು ಆ ಮೌನದ 20 ನಿಮಿಷ. ಹೊಸಬರು ಮೌನಕ್ಕೆ ಹೆದರಿ ಮಾತಾಡುತ್ತಲೇ ಇರುತ್ತಾರೆ. ಹಾಗೆ ಮಾಡದೆ ಮಗುವಿನ ಮುಂದೆ ಪುಸ್ತಕಗಳನ್ನು ಒಂದು ಗೇಣು ಎತ್ತರಕ್ಕೆ ಪೇರಿಸಿ, ಫೋನಿನ ಕ್ಯಾಮೆರಾ ತುದಿ ಹೊರಚಾಚುವಂತೆ ಮೇಲಿಟ್ಟು, ಹಿಂದಿನ ಕ್ಯಾಮೆರಾ ಆನ್ ಮಾಡಿಸಬೇಕು. ಈಗ ನಮಗೆ ಕಾಣುವುದು ಮುಖವಲ್ಲ, ನೋಟ್‌ಬುಕ್. ನಾಲ್ಕು ಪುಟಗಳ ಮೇಲೆ ನಾಲ್ಕು ಪೆನ್ನು ಓಡಾಡುವುದು ಒಟ್ಟಿಗೆ ಕಾಣುತ್ತದೆ. ಒಬ್ಬಳ ಪೆನ್ನು ನಿಂತರೆ ಹೆಸರು ಹಿಡಿದು, ‘ಮುಂದಿನ ಸಾಲಿನಲ್ಲಿ ಏನು ಬರೀತೀಯಮ್ಮ?’ ಎಂದು ಕೇಳಬಹುದು. ‘ಅರ್ಥ ಆಯ್ತಾ?’ ಎಂದು ಕೇಳಿ ಪ್ರಯೋಜನವಿಲ್ಲ, ಎಲ್ಲ ಮಕ್ಕಳೂ ‘ಹೂಂ ಮಿಸ್’ ಎನ್ನುತ್ತಾರೆ.

ಬ್ಯಾಚಿನ ಮಿತಿ ಇಲ್ಲೇ ಗೊತ್ತಾಗುತ್ತದೆ. 20 ನಿಮಿಷವನ್ನು ನಾಲ್ವರಿಗೆ ಹಂಚಿದರೆ ತಲಾ ಐದು ನಿಮಿಷ. ಹತ್ತು ಮಕ್ಕಳಾದರೆ ಎರಡೇ ನಿಮಿಷ. ಎರಡು ನಿಮಿಷದಲ್ಲಿ ನಾಲ್ಕು ಅಂಕದ ಒಂದು ಲೆಕ್ಕವನ್ನು ಓದಿ, ತಪ್ಪಿದ ಸಾಲನ್ನು ಹುಡುಕಿ, ಮಗುವಿನಿಂದಲೇ ಸರಿ ಮಾಡಿಸಲು ಆಗುವುದಿಲ್ಲ.

ಎಸ್ಸೆಸ್ಸೆಲ್ಸಿ ಗಣಿತದ ಲಿಖಿತ ಪರೀಕ್ಷೆ 80 ಅಂಕಗಳದ್ದು, ಉಳಿದ 20 ಶಾಲೆಯ ಆಂತರಿಕ ಅಂಕ. ಕೊನೆಯ ಉತ್ತರ ತಪ್ಪಿದರೂ ಸರಿಯಾದ ಹಂತಗಳಿಗೆ ಅಂಕ ಸಿಗುವುದರಿಂದ ವಾರದ ಟೆಸ್ಟನ್ನೂ ಹಂತಹಂತವಾಗಿ ತಿದ್ದಬೇಕು. ಮಗು ಉತ್ತರದ ಫೋಟೊ ಕಳಿಸುತ್ತದೆ, ನಾವು ಅದರ ಮೇಲೇ ಗುರುತು ಮಾಡಿ ಹಿಂದಕ್ಕೆ ಕಳಿಸುತ್ತೇವೆ. ಒಂದು ಎಚ್ಚರ ಬೇಕು: ಒಂದೂ ಚಿತ್ತು ಇಲ್ಲದ, ಗೈಡಿನ ಸಾಲುಗಳಂತೆಯೇ ಇರುವ ಮನೆಗೆಲಸ ಬಂದರೆ ಮರುದಿನ ಅದೇ ಲೆಕ್ಕದ ಸಂಖ್ಯೆಗಳನ್ನು ಬದಲಿಸಿ ಕ್ಯಾಮೆರಾ ಮುಂದೆ ಬರೆಸಿ. ನಕಲು ಮಾಡಿದ ಮಗು ಎರಡನೇ ಸಾಲಿಗೆ ನಿಲ್ಲುತ್ತದೆ. ಬೈಯಬೇಡಿ, ಆ ಸಾಲಿನಿಂದಲೇ ಮತ್ತೆ ಕಲಿಸಿ. ಎಲ್ಲ ಸಂದೇಶಗಳೂ ಪೋಷಕರ ನಂಬರಿಗೆ ಅಥವಾ ಪೋಷಕರಿರುವ ಗುಂಪಿಗೇ ಹೋಗಲಿ, ಮಗುವಿನೊಂದಿಗೆ ಬೇರೆ ಖಾಸಗಿ ಚಾಟು ಬೇಡ.

ತಿಂಗಳ ಫೀಸು

ಹೊಸಬರು ತರಗತಿಯ ಗಂಟೆಗಳನ್ನಷ್ಟೇ ಲೆಕ್ಕ ಹಾಕಿ ಸೋಲುತ್ತಾರೆ. ನಾಲ್ಕು ಮಕ್ಕಳ ಬ್ಯಾಚಿಗೆ ತಿಂಗಳಿಗೆ 12 ತರಗತಿ ಎಂದರೆ 12 ಗಂಟೆ. ಪ್ರತಿ ತರಗತಿಗೆ 20 ನಿಮಿಷ ತಯಾರಿ, ಒಟ್ಟು 4 ಗಂಟೆ. ನಾಲ್ಕು ಮಕ್ಕಳ ನಾಲ್ಕು ಟೆಸ್ಟುಗಳು, ಒಂದೊಂದಕ್ಕೆ 15 ನಿಮಿಷ, ಇನ್ನೂ 4 ಗಂಟೆ. ಪೋಷಕರ ಫೋನು, ಸಂದೇಶಗಳಿಗೆ 2 ಗಂಟೆ. ಅಲ್ಲಿಗೆ 22 ಗಂಟೆಗಳ ದುಡಿಮೆ.

ನಿಮ್ಮ ಒಂದು ಗಂಟೆಗೆ ₹300 ಎಂದು ಹಿಡಿಯೋಣ. ಊರು, ಅನುಭವ ನೋಡಿ ಈ ಅಂಕಿಯನ್ನು ನೀವೇ ಬದಲಿಸಿಕೊಳ್ಳಿ. 22 ಗಂಟೆಗೆ ₹6,600, ಇಂಟರ್ನೆಟ್ಟು, ಕರೆಂಟು, ಕಾಗದಕ್ಕೆ ₹400. ಒಟ್ಟು ₹7,000, ತಲಾ ₹1,750. ಆದರೆ ಇಷ್ಟೇ ಕೇಳಿದರೆ ಒಂದು ಮಗು ಬಿಟ್ಟ ತಿಂಗಳು ಗಂಟೆಯ ದುಡಿಮೆ ಸುಮಾರು ₹230ಕ್ಕೆ ಇಳಿಯುತ್ತದೆ. ಜೊತೆಗೆ ಬ್ಯಾಚು ನಡೆಯುವುದು ಜೂನ್‌ನಿಂದ ಮಾರ್ಚ್‌ವರೆಗೆ, ಹತ್ತೇ ತಿಂಗಳು. ಆದ್ದರಿಂದ ₹1,900 ಕೇಳುವುದು ನ್ಯಾಯ. ತಿಂಗಳಿಗೆ ಹೆಚ್ಚುವರಿ ₹600, ಹತ್ತು ತಿಂಗಳಿಗೆ ₹6,000. ಬೇಸಿಗೆಯ ಒಂದು ಖಾಲಿ ತಿಂಗಳನ್ನು ಅದು ಹೆಚ್ಚುಕಡಿಮೆ ತುಂಬುತ್ತದೆ.

ಒಂದೇ ಮಗುವಿಗೆ ಪ್ರತ್ಯೇಕ ಪಾಠ ಬೇಕೆಂದರೆ ಇದೇ ಲೆಕ್ಕದಲ್ಲಿ ತಿಂಗಳಿಗೆ 8 ತರಗತಿಗೆ ಸುಮಾರು ₹4,200 ಆಗುತ್ತದೆ. ‘ಇಷ್ಟೊಂದಾ?’ ಎಂದವರಿಗೆ ಗಂಟೆಗಳ ವಿವರವನ್ನೇ ಓದಿ ಹೇಳಿ. ಮೂವತ್ತು ಮಕ್ಕಳ ಬ್ಯಾಚಿನಲ್ಲಿ ₹500ಕ್ಕೆ ಪಾಠ ಸಿಗುತ್ತದೆ ಎಂದರೆ ಒಪ್ಪಿಕೊಳ್ಳಿ, ಅಲ್ಲಿ ಪ್ರತಿ ಮಗುವಿನ ಹಾಳೆ ಪ್ರತಿ ವಾರ ತಿದ್ದಿ ಬರುತ್ತದೆಯೇ ಎಂದು ವಿಚಾರಿಸಲು ಹೇಳಿ.

ಪ್ಯಾಕೇಜನ್ನು ‘ಒಂದು ತಿಂಗಳು’ ಎನ್ನುವ ಬದಲು ‘12 ತರಗತಿ’ ಎಂದು ಬರೆದುಕೊಡಿ. ದಸರಾ, ದೀಪಾವಳಿ ಬಂದ ತಿಂಗಳು ಆಗುವ ಜಗಳ ಇದರಿಂದ ತಪ್ಪುತ್ತದೆ. ಫೀಸು ಮೊದಲ ತರಗತಿಗೆ ಮುಂಚೆ ಯುಪಿಐ ಮೂಲಕ ಬರಲಿ. ನೀವು ತಪ್ಪಿಸಿದ ತರಗತಿಯನ್ನು ಪೂರ್ತಿ ಮಾಡಿಕೊಡಿ. ಮಗು ತಪ್ಪಿಸಿಕೊಂಡರೆ ಬ್ಯಾಚಿನಲ್ಲಿ ಮತ್ತೆ ಪಾಠವಿಲ್ಲ, ಆದರೆ ಆ ದಿನದ ಲೆಕ್ಕಗಳನ್ನು ಕಳಿಸಿ ತಿದ್ದಿಕೊಡುವುದು ಇದ್ದೇ ಇರುತ್ತದೆ. ಈ ನಾಲ್ಕು ಸಾಲು ಮೊದಲ ದಿನವೇ ಪೋಷಕರ ಫೋನಿನಲ್ಲಿರಲಿ.

ಎರಡನೇ ಬ್ಯಾಚು ತೆರೆಯುವ ಆಸೆ ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಒಂದು ವಾರದಲ್ಲಿ ಎಷ್ಟು ಮಕ್ಕಳ ಹಾಳೆಗಳನ್ನು ಸಾಲುಸಾಲು ಓದಿ ತಿದ್ದಬಲ್ಲೆ? ಆ ಉತ್ತರಕ್ಕಿಂತ ಒಂದು ಮಗುವನ್ನೂ ಹೆಚ್ಚು ಸೇರಿಸಿಕೊಳ್ಳಬೇಡಿ.